ಒಂದೇ ಜೀನ್, ಎರಡು ಬಗೆಯ ತಪ್ಪು: ಸಿಕಲ್ ಸೆಲ್ ಮತ್ತು ಥಲಸ್ಸೀಮಿಯಾ

ಸಿಕಲ್ ಸೆಲ್ ಕಾಯಿಲೆ ಮತ್ತು ಬೀಟಾ ಥಲಸ್ಸೀಮಿಯಾ, ಎರಡೂ ಹಿಮೋಗ್ಲೋಬಿನ್‌ಗೆ ಸಂಬಂಧಿಸಿದ್ದು. ಎರಡರಲ್ಲೂ ರಕ್ತಹೀನತೆ ಇರುತ್ತೆ, ಎರಡೂ ಅಪ್ಪ ಅಮ್ಮನಿಂದ ಬರುತ್ತವೆ. ಹಾಗಾಗಿ ಒಂದರ ಪರೀಕ್ಷೆ ಮಾಡಿಸಿದ್ರೆ ಇನ್ನೊಂದೂ ಗೊತ್ತಾಗುತ್ತೆ ಅಂತ ಅನ್ನಿಸೋದು ಸಹಜ. ಆದರೆ ಹಾಗೆ ಆಗಲ್ಲ. ಸಿಕಲ್ ಸೆಲ್‌ನಲ್ಲಿ ಹಿಮೋಗ್ಲೋಬಿನ್‌ನ ರಚನೆಯೇ ತಪ್ಪು. ಥಲಸ್ಸೀಮಿಯಾದಲ್ಲಿ ರಚನೆ ಸರಿ, ತಯಾರಾಗುವ ಪ್ರಮಾಣ ಕಡಿಮೆ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ‘ಸಿಕಲ್ ನೆಗೆಟಿವ್’ ಅನ್ನೋ ರಿಪೋರ್ಟ್ ನೋಡಿ ನಿಶ್ಚಿಂತರಾದ ದಂಪತಿಗೂ ಕಾಯಿಲೆಯ ಮಗು ಹುಟ್ಟಬಹುದು. ಅದು ಹೇಗೆ ಅಂತ ನೋಡೋಣ.

ದೊಡ್ಡವರ ರಕ್ತದಲ್ಲಿರುವ ಮುಖ್ಯ ಹಿಮೋಗ್ಲೋಬಿನ್ ಹೆಸರು ಹಿಮೋಗ್ಲೋಬಿನ್ ಎ. ಇದರ ಒಂದೊಂದು ಅಣುವಿನಲ್ಲೂ ಎರಡು ಆಲ್ಫಾ, ಎರಡು ಬೀಟಾ ಸರಪಳಿಗಳಿವೆ. ಬೀಟಾ ಸರಪಳಿಯಲ್ಲಿ 146 ಅಮೈನೊ ಆಮ್ಲಗಳು. ಅದನ್ನು ಕಟ್ಟುವ ಸೂಚನೆ 11ನೇ ಕ್ರೋಮೋಸೋಮ್‌ನಲ್ಲಿರುವ ಒಂದು ಜೀನ್‌ನಲ್ಲಿದೆ. ಈ ಸೂಚನೆ ಒಂದೇ ತುಂಡಾಗಿ ಇಲ್ಲ. ಮೂರು ತುಂಡುಗಳಾಗಿದೆ, ನಡುವೆ ಕತ್ತರಿಸಿ ಬಿಸಾಡಬೇಕಾದ ಎರಡು ಭಾಗಗಳಿವೆ. ಇವಕ್ಕೆ ಇಂಟ್ರಾನ್ ಅಂತಾರೆ. ಜೀವಕೋಶವು ಮೊದಲು ಜೀನ್‌ನ ನಕಲು ತೆಗೆದು, ಇಂಟ್ರಾನ್‌ಗಳನ್ನು ಕತ್ತರಿಸಿ, ಉಳಿದ ತುಂಡುಗಳನ್ನು ಜೋಡಿಸಿ, ಆಮೇಲೆ ಸರಪಳಿ ಕಟ್ಟುತ್ತೆ.

ಸಿಕಲ್ ಸೆಲ್‌ನ ತಪ್ಪು ಸೂಚನೆಯ ಒಳಗೇ ಇದೆ. ಆರನೇ ಅಮೈನೊ ಆಮ್ಲಕ್ಕೆ ಜಿ-ಎ-ಜಿ ಅಂತ ಇರಬೇಕಾದಲ್ಲಿ ಜಿ-ಟಿ-ಜಿ ಇರುತ್ತೆ. ಒಂದೇ ಅಕ್ಷರದ ಬದಲಾವಣೆ. ಆದರೆ ಅದರಿಂದ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್ ಬಂದು ಕೂರುತ್ತೆ. ಗ್ಲುಟಾಮಿಕ್ ಆಮ್ಲಕ್ಕೆ ವಿದ್ಯುತ್ ಆವೇಶ ಇದೆ, ನೀರಿನ ಜೊತೆ ಹೊಂದಿಕೊಳ್ಳುತ್ತೆ. ವ್ಯಾಲೀನ್ ನೀರನ್ನು ದೂರವಿಡುವಂಥದ್ದು. ಹೀಗೆ ಬದಲಾದ ಹಿಮೋಗ್ಲೋಬಿನ್ ಎಸ್ ಆಮ್ಲಜನಕ ಬಿಟ್ಟುಕೊಟ್ಟಾಗ, ಈ ವ್ಯಾಲೀನ್ ಪಕ್ಕದ ಅಣುವಿನ ಒಂದು ಗುಳಿಯಲ್ಲಿ ಹೋಗಿ ಅಂಟಿಕೊಳ್ಳುತ್ತೆ. ಅಣುವಿಗೆ ಅಣು ಸೇರಿ ಉದ್ದನೆಯ ಗಟ್ಟಿ ಎಳೆಗಳಾಗುತ್ತವೆ, ದುಂಡಗಿನ ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತೆ. ಇಂಥ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳೋದರಿಂದ ಎಲುಬುಗಳಲ್ಲಿ ವಿಪರೀತ ನೋವು. ಸುಮಾರು 120 ದಿನ ಬದುಕಬೇಕಾದ ಕಣ 10–20 ದಿನಕ್ಕೇ ಒಡೆಯುತ್ತೆ. ಗಮನಿಸಬೇಕಾದ್ದು ಏನಂದ್ರೆ, ಇಲ್ಲಿ ಬೀಟಾ ಸರಪಳಿಗೆ ಕೊರತೆ ಇಲ್ಲ. ಬಂದದ್ದೇ ಕೆಟ್ಟದ್ದು.

ಥಲಸ್ಸೀಮಿಯಾಕ್ಕೆ ಭಾರತದಲ್ಲಿ ಅತಿ ಹೆಚ್ಚು ಕಾಣುವ ಕಾರಣವನ್ನೇ ತಗೊಳ್ಳೋಣ. ಅದರ ಹೆಸರು ಐವಿಎಸ್ 1-5. ಅದೇ ಜೀನ್, ಅಲ್ಲೂ ಒಂದೇ ಅಕ್ಷರ. ಮೊದಲನೇ ಇಂಟ್ರಾನ್‌ನ ಐದನೇ ಅಕ್ಷರ ಜಿ ಹೋಗಿ ಸಿ ಆಗಿರುತ್ತೆ. ಇಂಟ್ರಾನ್ ಹೇಗೂ ಬಿಸಾಡುವ ಭಾಗ ಅಲ್ವಾ, ತಪ್ಪಿದ್ದರೇನು ಅನ್ನಿಸಬಹುದು. ಆದರೆ ಎಲ್ಲಿ ಕತ್ತರಿಸಬೇಕು ಅನ್ನೋ ಗುರುತು ಅಲ್ಲೇ ಇದೆ. ಗುರುತು ಮಸುಕಾದಾಗ ಕತ್ತರಿ ಹೆಚ್ಚಿನ ಸಲ ತಪ್ಪು ಜಾಗದಲ್ಲಿ ಬೀಳುತ್ತೆ, ಆ ನಕಲು ವ್ಯರ್ಥ. ಸರಿಯಾಗಿ ಕತ್ತರಿಸಿದ ಸ್ವಲ್ಪ ನಕಲುಗಳಿಂದ ಬರುವ ಬೀಟಾ ಸರಪಳಿಯಲ್ಲಿ ಯಾವ ದೋಷವೂ ಇಲ್ಲ, ಆದರೆ ಅದು ತೀರಾ ಕಡಿಮೆ.

ಇತ್ತ ಆಲ್ಫಾ ಸರಪಳಿಗಳು ಮಾಮೂಲಿನಂತೆ ತಯಾರಾಗ್ತಾನೇ ಇರುತ್ತವೆ. ಜೋಡಿ ಸಿಗದ ಆಲ್ಫಾ ಗರಣೆಗಟ್ಟಿ, ಎಲುಬಿನ ಮಜ್ಜೆಯಲ್ಲಿ ಬೆಳೆಯುತ್ತಿರುವ ರಕ್ತಕಣವನ್ನೇ ಸಾಯಿಸುತ್ತೆ. ಎರಡೂ ಜೀನ್ ಕೆಟ್ಟ ಮಗುವಿಗೆ ಎರಡು-ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕಾಗುತ್ತೆ. ಒಂದೇ ಜೀನ್ ಕೆಟ್ಟವರು ಆರೋಗ್ಯವಾಗೇ ಇರ್ತಾರೆ, ಅವರ ರಕ್ತಕಣಗಳು ಮಾತ್ರ ಚಿಕ್ಕವು. ಇವರನ್ನು ವಾಹಕರು ಅಂತ ಕರೀತಾರೆ.

ಈಗ ಪರೀಕ್ಷೆಗೆ ಬರೋಣ. ಸಿಕಲ್ ಸೆಲ್‌ಗೆ ಮಾಡುವ ಅಗ್ಗದ ಪರೀಕ್ಷೆ ಸಾಲ್ಯುಬಿಲಿಟಿ ಟೆಸ್ಟ್. ಒಂದು ರಾಸಾಯನಿಕ ದ್ರಾವಣಕ್ಕೆ ರಕ್ತ ಹಾಕಿದಾಗ ಹಿಮೋಗ್ಲೋಬಿನ್ ಎಸ್ ಇದ್ದರೆ ದ್ರಾವಣ ಮೋಡದಂತೆ ಕದಡಿ, ಹಿಂದೆ ಹಿಡಿದ ಗೆರೆಗಳು ಕಾಣಲ್ಲ. ಇದು ರಚನೆಯ ತಪ್ಪನ್ನು ಮಾತ್ರ ಹಿಡಿಯುತ್ತೆ. ಪ್ರಮಾಣ ಕಡಿಮೆ ಇರೋದು ಇದರ ಕಣ್ಣಿಗೆ ಬೀಳೋದೇ ಇಲ್ಲ.

ಒಂದು ಕಲ್ಪಿತ ದಂಪತಿಯನ್ನು ನೋಡೋಣ. ಗಂಡನ ಟೆಸ್ಟ್ ಪಾಸಿಟಿವ್. ಎಚ್‌ಪಿಎಲ್‌ಸಿ ಅನ್ನೋ ಯಂತ್ರ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಶೇಕಡಾವಾರು ಕೊಡುತ್ತೆ. ಅದರಲ್ಲಿ ಗಂಡನಿಗೆ ಎ 58, ಎಸ್ 38. ಅಂದರೆ ಅವನು ಸಿಕಲ್ ವಾಹಕ. ಹೆಂಡತಿಯ ಸಾಲ್ಯುಬಿಲಿಟಿ ಟೆಸ್ಟ್ ನೆಗೆಟಿವ್. ‘ಇನ್ನೇನೂ ತೊಂದರೆ ಇಲ್ಲ’ ಅಂತ ಅಲ್ಲಿಗೇ ನಿಲ್ಲಿಸಿದರು.

ಆದರೆ ಅವಳ ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಸುಳಿವಿತ್ತು. ಹಿಮೋಗ್ಲೋಬಿನ್ 10.8. ಕಣದ ಸರಾಸರಿ ಗಾತ್ರ, ರಿಪೋರ್ಟ್‌ನಲ್ಲಿ ಎಂಸಿವಿ ಅಂತ ಇರೋದು, 64. ಸಾಮಾನ್ಯವಾಗಿ ಅದು 80ಕ್ಕಿಂತ ಹೆಚ್ಚಿರಬೇಕು. ಕೆಂಪು ಕಣಗಳ ಸಂಖ್ಯೆ ಮಾತ್ರ 5.4 ದಶಲಕ್ಷ, ಅಂದರೆ ಚೆನ್ನಾಗೇ ಇದೆ. ಕಬ್ಬಿಣದ ಕೊರತೆಯಲ್ಲೂ ಕಣ ಚಿಕ್ಕದಾಗುತ್ತೆ, ಆದರೆ ಆಗ ಸಂಖ್ಯೆಯೂ ಸಾಮಾನ್ಯವಾಗಿ ಇಳಿಯುತ್ತೆ. ಇದಕ್ಕೊಂದು ಸುಲಭ ಲೆಕ್ಕ ಇದೆ: ಎಂಸಿವಿಯನ್ನು ಕಣಗಳ ಸಂಖ್ಯೆಯಿಂದ ಭಾಗಿಸೋದು. 64 ÷ 5.4 = 11.9. ಇದು 13ಕ್ಕಿಂತ ಕಡಿಮೆ ಇದ್ದರೆ ಥಲಸ್ಸೀಮಿಯಾ ಅನುಮಾನ ಪಡಬೇಕು. ಇದು ಸುಳಿವು ಅಷ್ಟೇ, ತೀರ್ಪಲ್ಲ. ತೀರ್ಪು ಕೊಡೋದು ಹಿಮೋಗ್ಲೋಬಿನ್ ಎ2. ಇದರಲ್ಲಿ ಬೀಟಾ ಬದಲು ಡೆಲ್ಟಾ ಅನ್ನೋ ಸರಪಳಿ ಇರೋದರಿಂದ, ಬೀಟಾ ಕಡಿಮೆಯಾದಾಗ ಇದರ ಪಾಲು ಏರುತ್ತೆ. ಸಾಮಾನ್ಯವಾಗಿ ಶೇ. 3.5ರೊಳಗೆ ಇರೋದು, ಅವಳಲ್ಲಿ 5.2 ಇದೆ. ಅವಳು ಥಲಸ್ಸೀಮಿಯಾ ವಾಹಕಿ.

ಈ ಇಬ್ಬರಿಗೆ ಹುಟ್ಟುವ ಪ್ರತಿ ಮಗುವಿಗೂ ಎರಡೂ ಕೆಟ್ಟ ಜೀನ್‌ಗಳು ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆ ಹುಟ್ಟಿದ ಮೂರು ವರ್ಷದ ಮಗುವಿನ ರಿಪೋರ್ಟ್ ಹೀಗಿರಬಹುದು: ಎಸ್ 72, ಎಫ್ 18, ಎ2 5, ಎ ಬರೀ 4. ಅಪ್ಪನಲ್ಲಿ ಎಸ್‌ಗಿಂತ ಎ ಹೆಚ್ಚಿತ್ತು, ಮಗುವಿನಲ್ಲಿ ಅದು ತಲೆಕೆಳಗಾಗಿದೆ. ಯಾಕಂದ್ರೆ ಅಪ್ಪನ ಕಡೆಯ ಜೀನ್ ಕೆಟ್ಟ ಸರಪಳಿಯನ್ನು ಧಾರಾಳವಾಗಿ ಮಾಡ್ತಿದೆ, ಅಮ್ಮನ ಕಡೆಯದು ಒಳ್ಳೆಯದನ್ನು ಮಾಡೋಕೆ ಆಗದೆ ಕೂತಿದೆ. ಇದಕ್ಕೆ ಸಿಕಲ್-ಬೀಟಾ ಥಲಸ್ಸೀಮಿಯಾ ಅಂತ ಹೆಸರು. ಮಗು ಅನುಭವಿಸೋದು ಮುಖ್ಯವಾಗಿ ಸಿಕಲ್ ಸೆಲ್ ನೋವನ್ನೇ, ಅಪ್ಪ ಅಮ್ಮ ಇಬ್ಬರಿಗೂ ಯಾವ ಕಾಯಿಲೆಯೂ ಇರದಿದ್ದರೂ.

ಎಚ್‌ಪಿಎಲ್‌ಸಿ ಕೂಡ ದಾರಿ ತಪ್ಪಿಸುವ ಸಂದರ್ಭಗಳಿವೆ. ಹಿಂದಿನ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ದಾನಿಯ ಹಿಮೋಗ್ಲೋಬಿನ್ ಎ ಸೇರಿಕೊಂಡಿರುತ್ತೆ. ಕಬ್ಬಿಣದ ಕೊರತೆ ತೀವ್ರವಾಗಿದ್ದರೆ ಎ2 ಸ್ವಲ್ಪ ಇಳಿದು, ವಾಹಕರು ಮಾಮೂಲಿ ಜನರಂತೆ ಕಾಣಬಹುದು. ಎ2 ಸಂಖ್ಯೆ ಗಡಿಯಲ್ಲಿದ್ದರೆ ಜೀನ್ ಪರೀಕ್ಷೆಯೇ ಬೇಕು.

ಭಾರತದಲ್ಲಿ ಸಿಕಲ್ ಸೆಲ್ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಚಾಮರಾಜನಗರಕ್ಕೆ ಅಂಟಿಕೊಂಡ ನೀಲಗಿರಿಯ ಬುಡಕಟ್ಟು ಜನರಲ್ಲಿ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಯೋಜನೆಯಲ್ಲಿ ಕರ್ನಾಟಕವೂ ಸೇರಿದೆ. ಥಲಸ್ಸೀಮಿಯಾ ವಾಹಕರು ಮಾತ್ರ ಒಂದೇ ಪ್ರದೇಶಕ್ಕೆ, ಒಂದೇ ಸಮುದಾಯಕ್ಕೆ ಸೀಮಿತರಲ್ಲ. ಇಲ್ಲಿ ಇಂಗ್ಲೆಂಡ್‌ನಲ್ಲಿ ಎನ್‌ಎಚ್‌ಎಸ್ ಗರ್ಭಿಣಿಯರಿಗೆ ಎರಡಕ್ಕೂ ತಪಾಸಣೆ ಕೊಡುತ್ತೆ, ತಾಯಿ ವಾಹಕಿ ಅಂತ ಗೊತ್ತಾದ್ರೆ ತಂದೆಯನ್ನೂ ಕರೀತಾರೆ. ಆದರೆ ಅಷ್ಟು ಹೊತ್ತಿಗೆ ಮಗು ಹೊಟ್ಟೆಯಲ್ಲಿರುತ್ತೆ. ಮದುವೆ ಮಾತುಕತೆಗೆ ಬರುವ ವಯಸ್ಸಿನಲ್ಲಿರೋ ನಾವು, ಹಳೆಯ ರಕ್ತ ಪರೀಕ್ಷೆಯ ರಿಪೋರ್ಟ್ ತೆಗೆದು ಎಂಸಿವಿ ಎಷ್ಟಿದೆ ಅಂತ ನೋಡಬಹುದು. ಅದು ಕಡಿಮೆ ಇದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಇವೆರಡರಲ್ಲಿ ಒಂದಿದ್ದರೆ, ಡಾಕ್ಟರ ಹತ್ತಿರ ಸಾಲ್ಯುಬಿಲಿಟಿ ಟೆಸ್ಟ್ ಅಲ್ಲ, ಎ2 ಸಂಖ್ಯೆ ಕೊಡುವ ಎಚ್‌ಪಿಎಲ್‌ಸಿ ಬೇಕು ಅಂತ ಕೇಳಬೇಕು.