ಸೌರಕೋಶ: ಬಿಸಿಲು ವಿದ್ಯುತ್ತಾಗುವ ಬಗೆ

ಮನೆಯ ಮಾಳಿಗೆಯ ಮೇಲೆ, ಹೊಲದ ಪಂಪಿನ ಬದಿಯಲ್ಲಿ, ಬೀದಿದೀಪದ ಕಂಬದ ತುದಿಯಲ್ಲಿ ಕಪ್ಪು ನೀಲಿ ಬಣ್ಣದ ಗಾಜಿನ ಹಲಗೆಗಳನ್ನು ಕಾಣದವರು ಇಂದು ವಿರಳ. ಆದರೆ ಅವುಗಳ ಒಳಗೆ ನಡೆಯುವುದೇನು ಎಂದು ಕೇಳಿದರೆ, 'ಬಿಸಿಲಿನ ಕಾವು ವಿದ್ಯುತ್ತಾಗುತ್ತದೆ' ಎಂಬ ಉತ್ತರವೇ ಬಹುಮಟ್ಟಿಗೆ ದೊರೆಯುತ್ತದೆ. ಇದು ಸರಿಯಾದ ಉತ್ತರವಲ್ಲ. ಸ್ನಾನದ ನೀರು ಕಾಯಿಸುವ ಸೌರ ಉಪಕರಣಕ್ಕೆ ಕಾವು ಬೇಕು. ವಿದ್ಯುತ್ತನ್ನು ಕೊಡುವ ಹಲಗೆಗೆ ಬೇಕಾದುದು ಬೆಳಕು ಮಾತ್ರ. ಕಾವು ಅದಕ್ಕೆ ಹಗೆಯೇ ಸರಿ. ಬೆಳಕು ಒಂದು ಕಲ್ಲಿನಂತಹ ವಸ್ತುವಿನ ಮೇಲೆ ಬಿದ್ದು, ಯಾವ ಚಕ್ರವೂ ತಿರುಗದೆ, ಯಾವ ದ್ರವವೂ ಕುದಿಯದೆ ವಿದ್ಯುತ್ತಾಗುವುದು ಹೇಗೆ?

ಆ ವಸ್ತುವಿನ ಹೆಸರು ಸಿಲಿಕಾನ್. ನದಿಯ ಮರಳಿನಲ್ಲಿ ಆಮ್ಲಜನಕದೊಡನೆ ಕೂಡಿಕೊಂಡಿರುವ ಮೂಲವಸ್ತು ಇದೇ. ಇದರ ಒಂದೊಂದು ಪರಮಾಣುವಿನ ಹೊರಕಕ್ಷೆಯಲ್ಲಿ ನಾಲ್ಕು ಇಲೆಕ್ಟ್ರಾನುಗಳಿವೆ. ಇಲೆಕ್ಟ್ರಾನೆಂದರೆ ಋಣವಿದ್ಯುತ್ತನ್ನು ಹೊತ್ತ ಅತಿ ಸೂಕ್ಷ್ಮವಾದ ಕಣ. ತಂತಿಯಲ್ಲಿ ಈ ಕಣಗಳು ಸಾಲುಗೊಂಡು ಸಾಗುವುದನ್ನೇ ವಿದ್ಯುತ್ ಪ್ರವಾಹವೆಂದು ಕರೆಯುತ್ತೇವೆ. ಸಿಲಿಕಾನ್ ಹರಳಿನಲ್ಲಿ ಪ್ರತಿಯೊಂದು ಪರಮಾಣುವೂ ತನ್ನ ನಾಲ್ಕು ಇಲೆಕ್ಟ್ರಾನುಗಳ ಮೂಲಕ ಸುತ್ತಲಿನ ನಾಲ್ಕು ಪರಮಾಣುಗಳೊಡನೆ ಕೈ ಹಿಡಿದು ನಿಂತಿದೆ. ಎಲ್ಲ ಕೈಗಳೂ ಬಂಧಿತವಾಗಿರುವುದರಿಂದ ಸಾಗಲು ಬಿಡುವಾಗಿರುವ ಇಲೆಕ್ಟ್ರಾನುಗಳು ಕತ್ತಲೆಯಲ್ಲಿ ಇಲ್ಲವೆಂಬಷ್ಟು ಕಡಿಮೆ.

ಬೆಳಕು ಬಿದ್ದಾಗ ಈ ಸ್ಥಿತಿ ಬದಲಾಗುತ್ತದೆ. ಬೆಳಕು ಹೊಳೆಯಂತೆ ಎಡೆಬಿಡದೆ ಹರಿಯುವಂತೆ ತೋರಿದರೂ, ವಸ್ತುವಿಗೆ ತನ್ನ ಶಕ್ತಿಯನ್ನು ಕೊಡುವಾಗ ಮಳೆಯ ಹನಿಗಳಂತೆ ಬಿಡಿಬಿಡಿಯಾಗಿ ಕೊಡುತ್ತದೆ. ಈ ಹನಿಗೆ ಫೋಟಾನ್ ಎಂದು ಹೆಸರು. ಫೋಟಾನೊಂದು ಹರಳಿನೊಳಕ್ಕೆ ಹೊಕ್ಕು ಬಂಧನದಲ್ಲಿದ್ದ ಒಂದು ಇಲೆಕ್ಟ್ರಾನಿಗೆ ತನ್ನ ಶಕ್ತಿಯನ್ನೆಲ್ಲ ಒಪ್ಪಿಸಿ ತಾನು ಇಲ್ಲವಾಗುತ್ತದೆ. ಇಲೆಕ್ಟ್ರಾನು ಸಡಿಲಗೊಂಡು ಹರಳಿನಲ್ಲಿ ಅಲೆಯತೊಡಗುತ್ತದೆ. ಅದು ಬಿಟ್ಟುಬಂದ ಎಡೆ ತೆರವಾಗುತ್ತದೆ. ಈ ತೆರವೂ ಚಲಿಸುತ್ತದೆಂಬುದು ಹೊಸಬರಿಗೆ ಸೋಜಿಗವೆನಿಸಬಹುದು. ದಾಸೋಹದ ಪಂಕ್ತಿಯಲ್ಲಿ ನಡುವಿನ ಒಬ್ಬರು ಎದ್ದುಹೋದಾಗ ಪಕ್ಕದವರು ಅಲ್ಲಿಗೆ ಸರಿಯುತ್ತಾರೆ, ಅವರ ಎಡೆಗೆ ಅವರ ಪಕ್ಕದವರು ಸರಿಯುತ್ತಾರೆ. ಜನ ಒಂದು ದಿಕ್ಕಿಗೆ ಸರಿದರೆ ಖಾಲಿ ಜಾಗ ಎದುರು ದಿಕ್ಕಿಗೆ ಸರಿಯಿತು. ಹರಳಿನ ತೆರವೂ ಹೀಗೆಯೇ ನಡೆಯುತ್ತದೆ. ಋಣಕಣವಿಲ್ಲದ ಜಾಗವಾದ ಕಾರಣ ಅದು ಧನವಿದ್ಯುತ್ತಿನ ಕಣದಂತೆ ವರ್ತಿಸುತ್ತದೆ.

ಇಲ್ಲಿಗೆ ವಿದ್ಯುತ್ತು ದೊರೆತಂತಾಯಿತೇ? ಇಲ್ಲ. ಏತದಿಂದ ಬಾವಿಯ ನೀರನ್ನೆತ್ತಿ, ದಡದಲ್ಲಿ ಕಾಲುವೆಯನ್ನೇ ತೋಡದಿದ್ದರೆ ಎತ್ತಿದ ನೀರು ಪುನಃ ಬಾವಿಗೇ ಬೀಳುತ್ತದೆ. ಶುದ್ಧ ಸಿಲಿಕಾನಿನ ಮೇಲೆ ಎಷ್ಟು ಬಿಸಿಲು ಬಿದ್ದರೂ ಆಗುವುದು ಇಷ್ಟೇ: ಸಡಿಲಗೊಂಡ ಇಲೆಕ್ಟ್ರಾನು ಅಲ್ಪಕಾಲ ಅಲೆದು, ಎದುರಾದ ಯಾವುದೋ ತೆರವಿನಲ್ಲಿ ಬಿದ್ದು, ಪಡೆದ ಶಕ್ತಿಯನ್ನು ಕಾವಾಗಿ ಕಳೆದುಕೊಳ್ಳುತ್ತದೆ. ಎತ್ತುವ ಕೆಲಸ ಬೆಳಕಿನದು. ಎತ್ತಿದ್ದನ್ನು ಒಂದೇ ಕಡೆಗೆ ಹರಿಸುವ ಕಾಲುವೆ ಬೇರೆಯೇ ಬೇಕು. ಸೌರಕೋಶದ ಮರ್ಮವೆಲ್ಲ ಈ ಕಾಲುವೆಯಲ್ಲಿದೆ.

ಅದು ಬೆಳಕಿಗೆ ಬಂದದ್ದು ಆಕಸ್ಮಿಕವಾಗಿ. 1940ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರಸೆಲ್ ಓಲ್ ಎಂಬ ವಿಜ್ಞಾನಿ ಬಿರುಕು ಬಿಟ್ಟಿದ್ದ ಸಿಲಿಕಾನ್ ತುಂಡೊಂದನ್ನು ಪರೀಕ್ಷಿಸುತ್ತಿದ್ದನು. ದೀಪದ ಬೆಳಕು ಬಿದ್ದೊಡನೆ ಅದರ ಎರಡು ತುದಿಗಳ ನಡುವೆ ಸುಮಾರು ಅರ್ಧ ವೋಲ್ಟಿನ ವಿದ್ಯುದೊತ್ತಡ ಕಾಣಿಸಿಕೊಂಡಿತು. ಬೆಳಕನ್ನು ಮರೆಮಾಡಿದರೆ ಮಾಯವಾಯಿತು. ಕಾರಣವನ್ನು ಹುಡುಕಿದಾಗ, ಕರಗಿದ ಸಿಲಿಕಾನ್ ಆರಿ ಗಟ್ಟಿಯಾಗುವಾಗ ಅದರಲ್ಲಿ ಅತ್ಯಲ್ಪವಾಗಿದ್ದ ಕಲ್ಮಷಗಳು ಬೇರ್ಪಟ್ಟು, ಒಂದು ಬದಿಯಲ್ಲಿ ಒಂದು ಬಗೆಯ, ಇನ್ನೊಂದು ಬದಿಯಲ್ಲಿ ಇನ್ನೊಂದು ಬಗೆಯ ಕಲ್ಮಷ ಮೇಲುಗೈ ಪಡೆದಿದ್ದುದು ತಿಳಿದುಬಂತು. ಅವೆರಡರ ನಡುವಣ ಗಡಿಯೇ ಈ ಚಮತ್ಕಾರಕ್ಕೆ ಕಾರಣವಾಗಿತ್ತು. ಅದೇ ಸಂಸ್ಥೆಯ ಚಾಪಿನ್, ಫುಲ್ಲರ್ ಮತ್ತು ಪಿಯರ್‌ಸನ್ ಎಂಬ ಮೂವರು 1954ರಲ್ಲಿ ಅಂತಹ ಗಡಿಯನ್ನು ಬೇಕೆಂದೇ ನಿರ್ಮಿಸಿ, ಬಿದ್ದ ಬಿಸಿಲಿನಲ್ಲಿ ಶೇಕಡ 6ರಷ್ಟನ್ನು ವಿದ್ಯುತ್ತಾಗಿಸುವ ಕೋಶವನ್ನು ಲೋಕಕ್ಕೆ ತೋರಿಸಿದರು.

ಈ ಗಡಿಯನ್ನು ರಚಿಸುವ ಬಗೆ ಹೀಗಿದೆ. ಕೋಶದ ಒಂದು ಪದರಕ್ಕೆ ರಂಜಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ರಂಜಕದ ಹೊರಕಕ್ಷೆಯಲ್ಲಿ ಐದು ಇಲೆಕ್ಟ್ರಾನುಗಳು. ನಾಲ್ಕು ಕೈ ಹಿಡಿಯಲು ವಿನಿಯೋಗವಾಗಿ ಒಂದು ಹೆಚ್ಚಾಗಿ ಉಳಿಯುತ್ತದೆ. ಇನ್ನೊಂದು ಪದರಕ್ಕೆ ಬೋರಾನನ್ನು ಬೆರೆಸುತ್ತಾರೆ. ಅದರಲ್ಲಿರುವುದು ಮೂರೇ, ಆದುದರಿಂದ ಅಲ್ಲಿ ತೆರವುಗಳು ಹೇರಳ. ಎರಡು ಪದರಗಳು ಕೂಡುವಲ್ಲಿ ರಂಜಕದ ಕಡೆಯ ಹೆಚ್ಚುವರಿ ಇಲೆಕ್ಟ್ರಾನುಗಳಲ್ಲಿ ಕೆಲವು ಗಡಿ ದಾಟಿ ಬೋರಾನಿನ ಕಡೆಯ ತೆರವುಗಳನ್ನು ತುಂಬುತ್ತವೆ. ಇಲೆಕ್ಟ್ರಾನನ್ನು ಕಳೆದುಕೊಂಡ ರಂಜಕದ ಪರಮಾಣುಗಳು ಧನವಾಗುತ್ತವೆ, ಪಡೆದುಕೊಂಡ ಬೋರಾನಿನ ಪರಮಾಣುಗಳು ಋಣವಾಗುತ್ತವೆ. ಪರಮಾಣುಗಳು ಹರಳಿನಲ್ಲಿ ನೆಟ್ಟ ಕಂಬಗಳಂತೆ; ಅವು ಕದಲಲಾರವು. ಹೀಗಾಗಿ ಗಡಿಯ ಆಚೆ ಈಚೆ ಧನ ಮತ್ತು ಋಣದ ಎರಡು ಸಾಲುಗಳು ಶಾಶ್ವತವಾಗಿ ಎದುರುಬದುರು ನಿಲ್ಲುತ್ತವೆ. ಋಣದ ಸಾಲು ಇಲೆಕ್ಟ್ರಾನುಗಳನ್ನು ನೂಕುತ್ತದೆ, ಧನದ ಸಾಲು ಸೆಳೆಯುತ್ತದೆ. ಆದ್ದರಿಂದ ಇನ್ನಷ್ಟು ಇಲೆಕ್ಟ್ರಾನುಗಳು ದಾಟುವುದಕ್ಕೆ ತಡೆಯೊದಗಿ ಎಲ್ಲವೂ ಸಮತೋಲಕ್ಕೆ ಬರುತ್ತದೆ. ಗಡಿ ಈಗ ಒಂದು ಇಳಿಜಾರಾಯಿತು.

ಇನ್ನು ಬೆಳಕು ಬೀಳಲಿ. ಫೋಟಾನಿನಿಂದ ಸಡಿಲಗೊಂಡ ಇಲೆಕ್ಟ್ರಾನು ಅಲೆಯುತ್ತ ಈ ಇಳಿಜಾರಿನ ಬಳಿಗೆ ಬಂದರೆ, ರಂಜಕದ ಕಡೆಗೆ ಜಾರುತ್ತದೆ; ತೆರವು ಬೋರಾನಿನ ಕಡೆಗೆ ಸರಿಯುತ್ತದೆ. ಒಮ್ಮೆ ಬೇರ್ಪಟ್ಟವು ಹರಳಿನೊಳಗೆ ಸುಲಭವಾಗಿ ಪುನಃ ಕೂಡಲಾರವು. ಕೂಡಬೇಕಾದರೆ ಹೊರಗಿನ ದಾರಿ ಬೇಕು. ಕೋಶದ ಮುಖದ ಮೇಲೆ ಕಾಣುವ ಬೆಳ್ಳಿಯ ಸಣ್ಣ ಗೆರೆಗಳು ಇಲೆಕ್ಟ್ರಾನುಗಳನ್ನು ಸಂಗ್ರಹಿಸಿ ತಂತಿಗೆ ಕೊಡುತ್ತವೆ. ಅವು ತಂತಿಯಲ್ಲಿ ಸಾಗಿ ದೀಪವನ್ನು ಬೆಳಗಿಸಿ, ಬೆನ್ನಿನ ಲೋಹದ ಲೇಪದ ಮೂಲಕ ಒಳಹೊಕ್ಕು, ಅಲ್ಲಿ ಕಾದಿರುವ ತೆರವುಗಳನ್ನು ಸೇರುತ್ತವೆ. ಹೋದಷ್ಟೇ ಇಲೆಕ್ಟ್ರಾನುಗಳು ಹಿಂದಿರುಗುವುದರಿಂದ ಸಿಲಿಕಾನ್ ಸವೆಯುವುದಿಲ್ಲ.

ಕೋಶದ ದಪ್ಪ ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆ. ಅದರಲ್ಲಿ ಗಡಿಯಿರುವುದು ಮೇಲ್ಮೈಗೆ ತೀರ ಸಮೀಪದಲ್ಲಿ. ಆಳದಲ್ಲಿ ಸಡಿಲಗೊಂಡ ಇಲೆಕ್ಟ್ರಾನು ಅಷ್ಟು ದೂರ ಅಲೆದು ಬರುವಷ್ಟರಲ್ಲಿ ದಾರಿಯಲ್ಲಿ ಬೇಡದ ಕಲ್ಮಷವೋ ಹರಳಿನ ದೋಷವೋ ಅದನ್ನು ನುಂಗಿಬಿಡಬಹುದು. ಮರಳು ಅಗ್ಗವಾದರೂ ಸೌರಕೋಶಕ್ಕೆ ಒಗ್ಗುವ ಸಿಲಿಕಾನ್ ಅಗ್ಗವಾಗದಿರುವುದು ಈ ಶುದ್ಧಿಯ ಕಟ್ಟುನಿಟ್ಟಿನಿಂದ.

ಒಂದು ಲೆಕ್ಕವನ್ನು ನೋಡಬಹುದು. ಪಕ್ಕಕ್ಕೆ 15.6 ಸೆಂಟಿಮೀಟರಿರುವ ಚೌಕಾಕಾರದ ಒಂದು ಕೋಶ. ನಡುಹಗಲ ತಿಳಿಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿ. ಈ ಕೋಶದ ಪಾಲಿಗೆ ಬರುವುದು ಸುಮಾರು 24 ವ್ಯಾಟ್. ಕೋಶ ಕೊಡುವುದು ಅರ್ಧ ವೋಲ್ಟಿನ ಒತ್ತಡದಲ್ಲಿ 9 ಆಂಪಿಯರ್ ಪ್ರವಾಹ, ಎಂದರೆ ನಾಲ್ಕೂವರೆ ವ್ಯಾಟ್. ಐದನೆಯ ಒಂದು ಭಾಗಕ್ಕೂ ತುಸು ಕಡಿಮೆ. ಉಳಿದುದೆಲ್ಲಿ ಹೋಯಿತು?

ಬಿಸಿಲಿನಲ್ಲಿ ಎಲ್ಲ ಫೋಟಾನುಗಳೂ ಸಮಾನವಲ್ಲ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಫೋಟಾನುಗಳಲ್ಲಿ ಶಕ್ತಿ ಕಡಿಮೆ, ನೀಲಿಯವುಗಳಲ್ಲಿ ಹೆಚ್ಚು. ಒಂದು ರೂಪಾಯಿಯ ನಾಣ್ಯವನ್ನು ಹಾಕಿದರೆ ಮಾತ್ರ ತೆರೆಯುವ, ಚಿಲ್ಲರೆ ಕೊಡದ ಬಾಗಿಲೊಂದನ್ನು ಊಹಿಸಿಕೊಳ್ಳಬೇಕು. ಎಂಟಾಣೆಯ ನಾಣ್ಯಗಳನ್ನು ಎಷ್ಟು ಹಾಕಿದರೂ ಅದು ತೆರೆಯದು. ಐದು ರೂಪಾಯಿ ಹಾಕಿದರೆ ತೆರೆಯುತ್ತದೆ, ನಾಲ್ಕು ರೂಪಾಯಿ ನಷ್ಟ. ಹಾಗೆಯೇ ಬಡ ಫೋಟಾನುಗಳು ಇಲೆಕ್ಟ್ರಾನನ್ನು ಬಿಡಿಸಲಾರದೆ ವ್ಯರ್ಥವಾಗುತ್ತವೆ. ಸಿರಿವಂತ ಫೋಟಾನಿನ ಹೆಚ್ಚುವರಿ ಶಕ್ತಿ ಕಾವಾಗುತ್ತದೆ. ಇದು ಕುಶಲತೆಯಿಂದ ನೀಗುವ ಕೊರತೆಯಲ್ಲ. ಸಿಲಿಕಾನಿನಂತಹ ಒಂದೇ ಗಡಿಯ ಕೋಶ ಬಿಸಿಲಿನಲ್ಲಿ ಶೇಕಡ 30ರ ಆಸುಪಾಸಿಗಿಂತ ಹೆಚ್ಚನ್ನು ಕೊಡಲಾರದೆಂದು ಶಾಕ್ಲಿ ಮತ್ತು ಕ್ವೈಸರ್ 1961ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದಾರೆ. ಇದರ ಜೊತೆಗೆ ಹೊಳಪಾದ ಸಿಲಿಕಾನ್ ಬಿದ್ದ ಬೆಳಕಿನ ಮೂರನೆಯ ಒಂದು ಭಾಗವನ್ನು ಪ್ರತಿಫಲಿಸಿ ಹಿಂದಿರುಗಿಸುವ ಸ್ವಭಾವದ್ದು. ಅದನ್ನು ತಗ್ಗಿಸಲೆಂದು ಬಳಿದ ತೆಳುಲೇಪದಿಂದಲೇ ಕೋಶಕ್ಕೆ ಆ ನೀಲಿ ಬಣ್ಣ ಬರುತ್ತದೆ.

ಅರ್ಧ ವೋಲ್ಟಿನಿಂದ ಹೆಚ್ಚು ಕೆಲಸ ನಡೆಯದು. ಆದ್ದರಿಂದ 36 ಕೋಶಗಳನ್ನು ಒಂದರ ಬೆನ್ನಿಗೆ ಇನ್ನೊಂದರ ಮುಖವನ್ನು ಜೋಡಿಸಿ ಸರಪಳಿ ಮಾಡುತ್ತಾರೆ. 18 ವೋಲ್ಟ್, 9 ಆಂಪಿಯರ್, ಎಂದರೆ 162 ವ್ಯಾಟ್ ಕೊಡುವ ಹಲಗೆ. 12 ವೋಲ್ಟಿನ ಬ್ಯಾಟರಿಯನ್ನು ತುಂಬಲು ತಕ್ಕದ್ದು. ಆದರೆ ಈ ಅಳತೆ ಕೋಶ 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವಾಗಿನದು. ಬೇಸಗೆಯ ಮಧ್ಯಾಹ್ನ ಮಾಳಿಗೆಯ ಮೇಲಿನ ಕೋಶ 65 ಡಿಗ್ರಿಗೆ ಏರಬಲ್ಲದು. ಕಾವಿನಿಂದಲೇ ಸಡಿಲಗೊಂಡ ಕಣಗಳು ಗಡಿಯ ತಡೆಯನ್ನು ಮೀರಿ ಸೋರುವುದು ಆಗ ಹೆಚ್ಚಿ, ಒತ್ತಡ ತಗ್ಗುತ್ತದೆ. ಒಂದು ಡಿಗ್ರಿಗೆ ಶೇಕಡ 0.4ರಂತೆ 40 ಡಿಗ್ರಿಗೆ ಶೇಕಡ 16ರಷ್ಟು ನಷ್ಟ. 162 ವ್ಯಾಟಿನ ಹಲಗೆ 136ಕ್ಕೆ ಇಳಿಯಿತು. ಹಲಗೆಯನ್ನು ಛಾವಣಿಗೆ ಅಂಟಿಸದೆ ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ಕೂರಿಸುವುದು ಇದಕ್ಕಾಗಿಯೇ.

ಸರಪಳಿಗೆ ಇನ್ನೊಂದು ತೊಡಕಿದೆ. ಒಂದರ ಮೂಲಕ ಹರಿದ ಪ್ರವಾಹವೇ ಎಲ್ಲದರ ಮೂಲಕ ಹರಿಯಬೇಕು. ತೆಂಗಿನ ಗರಿಯ ನೆರಳು ಒಂದೇ ಕೋಶದ ಅರ್ಧವನ್ನು ಮುಚ್ಚಿದರೂ ಆ ಕೋಶ ಹೊರಡಿಸುವ ಪ್ರವಾಹ 9ರಿಂದ ನಾಲ್ಕೂವರೆ ಆಂಪಿಯರಿಗೆ ಇಳಿಯುತ್ತದೆ. ಬಿಸಿಲಿನಲ್ಲಿರುವ ಉಳಿದ 35 ಕೋಶಗಳೂ ಅಷ್ಟಕ್ಕೇ ತೃಪ್ತಿಪಡಬೇಕಾಗುತ್ತದೆ. ಅಷ್ಟೇ ಅಲ್ಲ, ಅವು ತಮ್ಮ ಶಕ್ತಿಯನ್ನು ನೆರಳಿನ ಕೋಶದ ಮೇಲೆ ಹೇರಿ, ಅದು ಸುಟ್ಟು ಕಂದುವಷ್ಟು ಕಾಯಿಸಬಹುದು. ಹಲಗೆಯ ಬೆನ್ನಿನ ಪೆಟ್ಟಿಗೆಯಲ್ಲಿ ಅಡಗಿರುವ ಡಯೋಡುಗಳು, ನೆರಳು ಬಿದ್ದ ಭಾಗವನ್ನು ಬಳಸಿಕೊಂಡು ಪ್ರವಾಹ ಸಾಗಲು ಅಡ್ಡದಾರಿ ಒದಗಿಸುತ್ತವೆ. 36 ಕೋಶಗಳಿಗೆ ಅಂತಹ ಡಯೋಡುಗಳು ಎರಡಿದ್ದರೆ ಅರ್ಧ ಹಲಗೆಯಾದರೂ ಪೂರ್ಣ ಪ್ರವಾಹವನ್ನು ಕೊಡುತ್ತದೆ. ಆದರೆ ಆಗ ದೊರೆಯುವ ಒತ್ತಡ 9 ವೋಲ್ಟ್ ಮಾತ್ರ, 12 ವೋಲ್ಟಿನ ಬ್ಯಾಟರಿಯನ್ನು ತುಂಬಲು ಅದು ಸಾಲದು.

ಇಂತಹ ನೆರಳಿನ ಅಥವಾ ಧೂಳಿನ ದೋಷವನ್ನು ವೋಲ್ಟ್‌ಮಾಪಕವೊಂದರಿಂದಲೇ ಕಂಡುಹಿಡಿಯಹೊರಟವರು ಮೋಸಹೋಗುತ್ತಾರೆ. ತಂತಿಗೆ ಏನನ್ನೂ ಜೋಡಿಸದೆ ಅಳೆದರೆ, ಕೋಶದ ಒತ್ತಡ ಬೆಳಕಿನ ಪ್ರಮಾಣವನ್ನು ಅಷ್ಟಾಗಿ ಅವಲಂಬಿಸದ ಕಾರಣ, ಮಸುಕಾದ ಹಲಗೆಯೂ 20 ವೋಲ್ಟಿನ ಸಮೀಪವನ್ನೇ ತೋರಿಸುತ್ತದೆ. ಬೆಳಕಿನೊಡನೆ ನೇರವಾಗಿ ಏರಿಳಿಯುವುದು ಪ್ರವಾಹ. ಬ್ಯಾಟರಿಯನ್ನು ಜೋಡಿಸಿ, ನಡುವೆ ಆಂಪಿಯರ್‌ಮಾಪಕವನ್ನಿಟ್ಟು ನೋಡಿದಾಗಲೇ ನಿಜ ತಿಳಿಯುತ್ತದೆ. ಗಾಜನ್ನು ಒರೆಸಿ, ಗರಿಯನ್ನು ಕಡಿದು ಮತ್ತೆ ನೋಡಿದರೆ ಮುಳ್ಳು ಎಷ್ಟು ಮೇಲೇರಿತೆಂಬುದೇ ಅಲ್ಲಿಯವರೆಗಿನ ನಷ್ಟದ ಅಳತೆ.