ಖಾಲಿ ಪ್ರಾಕ್ಸಿಯ ಬೆಲೆ

ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿದ ಕಂಪನಿಗಳು ಆರು ತಿಂಗಳೊಳಗೆ ವಾರ್ಷಿಕ ಮಹಾಸಭೆಯನ್ನು ನಡೆಸಲೇಬೇಕೆಂಬ ಕಟ್ಟಳೆ ಇರುವುದರಿಂದ, ಆಗಸ್ಟ್ ಕಳೆಯುತ್ತಿದ್ದಂತೆ ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರಗಳ ಎಷ್ಟೋ ನಿವೃತ್ತರ ಮನೆಗಳಿಗೆ ಸಭೆಯ ನೋಟಿಸುಗಳು ಬಂದು ಬೀಳತೊಡಗುತ್ತವೆ. ಅವುಗಳಲ್ಲಿ ಬಹುಪಾಲು ಓದುವವರಿಲ್ಲದೆ ಹಳೆಯ ಪತ್ರಿಕೆಗಳ ಕಟ್ಟನ್ನು ಸೇರುತ್ತವೆ. ಹಾಗೆ ಓದದೆ ಬಿಟ್ಟ ಒಂದು ನೋಟಿಸು, ಅದರ ಹಿಂದೆಯೇ ಬಂದ ಒಂದು ರುಜು, ನಮ್ಮ ಅಣ್ಣನವರ ಉಳಿತಾಯದಿಂದ ಎರಡು ಲಕ್ಷ ರೂಪಾಯಿಗಳನ್ನು ಕರಗಿಸಿದ ಬಗೆಯನ್ನು ಇಲ್ಲಿ ವಿವರವಾಗಿ ಹೇಳಬೇಕೆಂದಿದ್ದೇನೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ದುಂಡಾಗಿಸಿದ್ದೇನೆ.

ಅಣ್ಣನವರು ದುಡಿದ ಕಾರ್ಖಾನೆಯದು ಪಬ್ಲಿಕ್ ಲಿಮಿಟೆಡ್ ಕಂಪನಿಯಾದರೂ ಷೇರುಪೇಟೆಯಲ್ಲಿ ನೋಂದಣಿಯಾದುದಲ್ಲ. ಸದಸ್ಯರ ಸಂಖ್ಯೆ ಸಾವಿರಕ್ಕಿಂತ ಕಡಮೆಯಿದ್ದುದರಿಂದ ಇ-ವೋಟಿಂಗ್ ಏರ್ಪಾಡೂ ಇರಲಿಲ್ಲ. ನೌಕರಿಯ ಕಾಲದಲ್ಲಿ ಕೊಂಡ 5,000 ಷೇರುಗಳು ಅವರ ಹೆಸರಿನಲ್ಲಿದ್ದವು. ನೋಟಿಸು ಬಂದ ವಾರದಲ್ಲಿಯೇ ಹಳೆಯ ಸಹೋದ್ಯೋಗಿಯೊಬ್ಬರು ಮನೆಗೆ ಬಂದು, ಕಾಫಿ ಕುಡಿದು, ರೆವಿನ್ಯೂ ಸ್ಟಾಂಪನ್ನು ಮೊದಲೇ ಅಂಟಿಸಿದ್ದ ಪ್ರಾಕ್ಸಿ ಫಾರಂ ಒಂದನ್ನು ಮುಂದಿಟ್ಟರು. "ಸಾರ್, ಅಷ್ಟು ದೂರ ನೀವ್ಯಾಕೆ ಬರ್ತೀರಿ, ಇಲ್ಲೊಂದು ಸೈನ್ ಹಾಕಿಬಿಡಿ, ಉಳಿದದ್ದು ನಾವು ನೋಡ್ಕೋತೀವಿ" ಎಂದರು. ಪ್ರಾಕ್ಸಿಯ ಹೆಸರು ಬರೆಯಬೇಕಾದ ಸ್ಥಳ ಖಾಲಿಯಿತ್ತು; ಪ್ರತಿ ನಿರ್ಣಯದ ಎದುರಿಗಿದ್ದ 'ಪರ', 'ವಿರುದ್ಧ' ಎಂಬ ಅಂಕಣಗಳೂ ಖಾಲಿಯಿದ್ದವು. ಅಣ್ಣನವರು ರುಜು ಹಾಕಿದರು.

ಆ ನೋಟಿಸಿನ ಮೊದಲ ನಾಲ್ಕು ಬಾಬುಗಳು ಪ್ರತಿವರ್ಷ ಬರುವಂಥವು: ಲೆಕ್ಕಪತ್ರಗಳ ಅಂಗೀಕಾರ, ಡಿವಿಡೆಂಡ್, ಸರದಿಯಂತೆ ನಿವೃತ್ತರಾಗುವ ನಿರ್ದೇಶಕರ ಮರುನೇಮಕ, ಆಡಿಟರ ನೇಮಕ ಮತ್ತು ಸಂಭಾವನೆ. ಕಂಪನಿ ಕಾಯಿದೆಯ ಪ್ರಕಾರ ಈ ನಾಲ್ಕೇ ಸಾಮಾನ್ಯ ವ್ಯವಹಾರಗಳು. ಮಿಕ್ಕದ್ದೆಲ್ಲವೂ ವಿಶೇಷ ವ್ಯವಹಾರವಾಗಿ, ಅದಕ್ಕೆ ವಿವರಣಾ ಟಿಪ್ಪಣಿಯೊಂದನ್ನು ಲಗತ್ತಿಸಲೇಬೇಕು. ಐದನೆಯ ಬಾಬು ಹೀಗಿತ್ತು: ಪ್ರವರ್ತಕರ ಕುಟುಂಬಕ್ಕೆ 5 ಲಕ್ಷ ಹೊಸ ಷೇರುಗಳನ್ನು ತಲಾ 40 ರೂಪಾಯಿಯಂತೆ ನೀಡುವುದು. ಮೌಲ್ಯಮಾಪಕರು ಅಲ್ಪ ಲಾಭವನ್ನು ಆಧಾರವಾಗಿಟ್ಟು ಬೆಲೆ ಕಟ್ಟಿದ್ದರು. ನಿರ್ದೇಶಕರಿಗೆ ಅದರಲ್ಲಿ ಹಿತಾಸಕ್ತಿಯುಂಟೆಂಬುದನ್ನೂ, ಹಂಚಿಕೆಯ ಮುಂಚಿನ ಮತ್ತು ಅನಂತರದ ಷೇರು ಪ್ರಮಾಣವನ್ನೂ ಟಿಪ್ಪಣಿಯಲ್ಲಿ ಅಚ್ಚುಹಾಕಿದ್ದರು. ಮರೆಮಾಚಿದ್ದೇನೂ ಇರಲಿಲ್ಲ.

ಈಗ ಲೆಕ್ಕವನ್ನು ನೋಡೋಣ. ಕಂಪನಿಯ ನಿವ್ವಳ ಆಸ್ತಿ 16 ಕೋಟಿ, ಷೇರುಗಳು 10 ಲಕ್ಷ. ಅಂದರೆ ಷೇರೊಂದಕ್ಕೆ ಪುಸ್ತಕ ಮೌಲ್ಯ 160 ರೂಪಾಯಿ. ಹೊಸ 5 ಲಕ್ಷ ಷೇರುಗಳಿಂದ ಬರುವ ಹಣ 2 ಕೋಟಿ. ಒಟ್ಟು 18 ಕೋಟಿಯನ್ನು 15 ಲಕ್ಷ ಷೇರುಗಳಿಗೆ ಹಂಚಿದರೆ ಪ್ರತಿಯೊಂದಕ್ಕೆ 120. ಷೇರಿಗೆ 40 ರೂಪಾಯಿಯಂತೆ, 5,000 ಷೇರಿಗೆ 2 ಲಕ್ಷ ರೂಪಾಯಿ ಅಣ್ಣನವರ ಪಾಲಿನಿಂದ ಜಾರಿ ಪ್ರವರ್ತಕರ ಪಾಲಿಗೆ ಸೇರಿತು. ಕಂಪನಿಗೆ ನಷ್ಟವಾಗಲಿಲ್ಲ, ಯಾರ ಖಾತೆಯಿಂದಲೂ ಹಣ ಹೋಗಲಿಲ್ಲ. ಆದುದರಿಂದಲೇ ಈ ನಷ್ಟ ಕಣ್ಣಿಗೆ ಬೀಳುವುದು ತಡ.

ಇದಕ್ಕಿಂತ ಹೆಚ್ಚು ಸಂಕಟಪಡಿಸುವುದು ಮತಗಳ ಲೆಕ್ಕ. ಇಂಥ ಹಂಚಿಕೆಗೆ ವಿಶೇಷ ನಿರ್ಣಯ ಬೇಕು. ಪರವಾದ ಮತಗಳು ವಿರುದ್ಧವಾದ ಮತಗಳ ಮೂರರಷ್ಟಕ್ಕಿಂತ ಕಡಮೆಯಿರಕೂಡದು. ಪೋಲ್ ನಡೆದಾಗ, ಅಂದರೆ ಕೈ ಎತ್ತಿಸದೆ ಷೇರುಗಳ ಲೆಕ್ಕದಲ್ಲಿ ಮತ ಹಾಕಿಸಿದಾಗ, ಪ್ರವರ್ತಕರ ಸ್ವಂತ ಮತಗಳು 4,50,000, ವಿರೋಧಿಗಳವು 1,46,000. ಅಣ್ಣನವರ 5,000 ಸೇರಿ ಪರವಾದ ಮತಗಳು 4,55,000 ಆದವು, 1,46,000ದ ಮೂರರಷ್ಟು 4,38,000, ನಿರ್ಣಯ ಗೆದ್ದಿತು. ಅದೇ 5,000 ಮತಗಳು ವಿರುದ್ಧವಾಗಿ ಬಿದ್ದಿದ್ದರೆ ವಿರೋಧ 1,51,000 ಆಗಿ, ಅದರ ಮೂರರಷ್ಟು 4,53,000ವನ್ನು 4,50,000 ಮುಟ್ಟಲಾರದೆ ನಿರ್ಣಯ ಬಿದ್ದುಹೋಗುತ್ತಿತ್ತು. ಸಣ್ಣ ಷೇರುದಾರನ ಮತಕ್ಕೆ ತೂಕವಿಲ್ಲವೆನ್ನುವವರು ಈ ನಾಲ್ಕು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು.

ಮನೆಮನೆಗೆ ತಿರುಗಿ ಖಾಲಿ ಪ್ರಾಕ್ಸಿಗಳನ್ನು ಸಂಗ್ರಹಿಸುವ ಈ ಪದ್ಧತಿಯ ಬಗೆಗೆ ನನಗೆ ತಾಳ್ಮೆಯಿಲ್ಲ. ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಮಾನದಂಡದಂತೆ ಪ್ರಾಕ್ಸಿಯ ಹೆಸರಿಲ್ಲದ ಫಾರಂ ಅಸಿಂಧು, ದಿನಾಂಕವಿಲ್ಲದ್ದೂ ಅಸಿಂಧು. ಆದರೆ ಸಂಗ್ರಹಿಸಿದವರು ತಮಗೆ ಬೇಕಾದ ಹೆಸರನ್ನು ಆಮೇಲೆ ತುಂಬಿಬಿಟ್ಟರೆ ಆ ರಕ್ಷಣೆ ಕಾಗದದಲ್ಲಿಯೇ ಉಳಿಯುತ್ತದೆ. ಒಬ್ಬ ಪ್ರಾಕ್ಸಿ 50 ಸದಸ್ಯರಿಗಿಂತ ಹೆಚ್ಚಿನವರ ಪರವಾಗಿ ನಿಲ್ಲುವಂತಿಲ್ಲ, ಅವರ ಷೇರುಗಳೆಲ್ಲ ಸೇರಿ ಬಂಡವಾಳದ ಶೇಕಡಾ 10ನ್ನು ಮೀರುವಂತಿಲ್ಲ. ಹೆಸರಿನ ಸ್ಥಳ ಖಾಲಿಯಿದ್ದರೆ ಫಾರಂಗಳನ್ನು ಹಲವರ ಹೆಸರಿಗೆ ಹಂಚಿಕೊಳ್ಳುವುದು ಅವರಿಗೆ ಸುಲಭ. 'ಪರ', 'ವಿರುದ್ಧ' ಅಂಕಣಗಳನ್ನು ಬಿಟ್ಟರೆ ಪ್ರಾಕ್ಸಿ ತನಗೆ ತೋಚಿದಂತೆ ಮತ ಹಾಕಬಹುದು. ಆತ ಸಭೆಯಲ್ಲಿ ಮಾತನಾಡುವಂತಿಲ್ಲ, ನಿಮ್ಮ ಪ್ರಶ್ನೆಯನ್ನು ಕೇಳುವಂತಿಲ್ಲ. ಮತವೊಂದೇ ಅವನ ಕೈಯಲ್ಲಿರುವುದು, ಅದೂ ಪೋಲ್ ನಡೆದರೆ ಮಾತ್ರ.

ಕೊಟ್ಟ ಪ್ರಾಕ್ಸಿಯನ್ನು ಹಿಂತೆಗೆದುಕೊಳ್ಳಲು ಕಾಲಾವಕಾಶವಿತ್ತು. ಸೆಪ್ಟೆಂಬರ್ 3ರಂದು ಅಂಚೆಗೆ ಹಾಕಿದ ನೋಟಿಸು 48 ಗಂಟೆಗಳ ಬಳಿಕ, 5ರಂದು, ತಲಪಿತೆಂದು ಕಾಯಿದೆ ಎಣಿಸುತ್ತದೆ. ತಲಪಿದ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು 21 ಪೂರ್ಣ ದಿನಗಳು ಬೇಕಾದುದರಿಂದ 6ರಿಂದ 26ರವರೆಗೆ ಎಣಿಸಿ, 27ಕ್ಕಿಂತ ಮುಂಚೆ ಸಭೆ ಸೇರುವಂತಿಲ್ಲ. ಸಭೆ ಬೆಳಗ್ಗೆ 11ಕ್ಕಾದರೆ ಪ್ರಾಕ್ಸಿ ಫಾರಂ 25ರ ಬೆಳಗ್ಗೆ 11ರೊಳಗೆ ನೋಂದಾಯಿತ ಕಚೇರಿಗೆ ಮುಟ್ಟಬೇಕು. ರದ್ದುಪಡಿಸುವ ಲಿಖಿತ ಪತ್ರವಾದರೋ ಸಭೆ ಆರಂಭವಾಗುವ ಮೊದಲು ಸೇರಿದರೆ ಸಾಕು. ಅಣ್ಣನವರು ಟಿಪ್ಪಣಿಯನ್ನು ಓದಿದ್ದು ಸಭೆ ಮುಗಿದ ಮೇಲೆ.

ನೋಟಿಸು ಓದುವ ಅಭ್ಯಾಸ ಬೇಕೆನ್ನುವವರಿಗೆ ನಮ್ಮ ಸರ್ವಜ್ಞನಗರದಲ್ಲಿಯೇ, ನಾಗವಾರದ ಹೊರವರ್ತುಲ ರಸ್ತೆಯಲ್ಲಿ ನೋಂದಾಯಿತ ಕಚೇರಿಯುಳ್ಳ ಭಾರತ್ ಎಲೆಕ್ಟ್ರಾನಿಕ್ಸ್ ಒಳ್ಳೆಯ ಪಠ್ಯ. ಸರ್ಕಾರಿ ಕಂಪನಿಯಾದುದರಿಂದ ಅಲ್ಲಿ ಆಡಿಟರನ್ನು ನೇಮಿಸುವವರು ಸಿಎಜಿ. ಸಭೆಯ ಮುಂದೆ ಬರುವುದು ಸಂಭಾವನೆಯ ವಿಷಯ ಮಾತ್ರ. ಶೇಕಡಾ 51ಕ್ಕೆ ತುಸು ಹೆಚ್ಚು ಷೇರು ಸರ್ಕಾರದಲ್ಲಿರುವುದರಿಂದ ಸಾಮಾನ್ಯ ನಿರ್ಣಯ ಸರ್ಕಾರದ ಮತದಿಂದಲೇ ನಡೆದುಹೋಗುತ್ತದೆ. ವಿಶೇಷ ನಿರ್ಣಯಕ್ಕೆ ಅಷ್ಟೇ ಸಾಲದು. ಇತ್ತೀಚಿನ ವರ್ಷಗಳಂತೆ ಸಭೆ ವಿಡಿಯೋ ಮೂಲಕ ನಡೆದರೆ ಪ್ರಾಕ್ಸಿಗೆ ಅವಕಾಶವೇ ಇಲ್ಲ. ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಗಿಯುವ, ಕನಿಷ್ಠ ಮೂರು ದಿನದ ಇ-ವೋಟಿಂಗ್‌ನಲ್ಲಿ ಮನೆಯಿಂದಲೇ ಮತ ಹಾಕಬಹುದು.

ಅಕ್ಕಿಯಲ್ಲಿ ಕಲ್ಲು ಆರಿಸಲು ವ್ಯವಧಾನವುಳ್ಳವರು, ಮಕ್ಕಳ ಮದುವೆಗೆಂದು ಕೂಡಿಟ್ಟ ಹಣದ ಭವಿಷ್ಯವನ್ನು ನಿಶ್ಚಯಿಸುವ ಕಾಗದಕ್ಕೆ ಕಾಲು ಗಂಟೆಯನ್ನು ಮೀಸಲಿಡಲಾರೆವೆನ್ನುವುದು ಸಲ್ಲದು. ನೋಟಿಸು ಬಂದೊಡನೆ ಮೊದಲ ನಾಲ್ಕು ಬಾಬುಗಳನ್ನು ದಾಟಿ ವಿಶೇಷ ವ್ಯವಹಾರಕ್ಕೆ ಹೋಗಿ, ಟಿಪ್ಪಣಿಯಲ್ಲಿ ಬೆಲೆಯನ್ನೂ, ಯಾರ ಹಿತಾಸಕ್ತಿಯೆಂಬುದನ್ನೂ ಹುಡುಕಿರಿ. ಪ್ರಾಕ್ಸಿ ಕೊಡಲೇಬೇಕಾದರೆ ನೀವು ನಂಬುವವರ ಹೆಸರನ್ನು ಸ್ವಹಸ್ತದಿಂದ ಬರೆದು, ಪ್ರಾಕ್ಸಿ ಷೇರುದಾರನೇ ಆಗಿರಬೇಕಾಗಿಲ್ಲವಾದುದರಿಂದ ಮಗಳೋ ಅಳಿಯನೋ ಆದರೂ ಸರಿ, ಪ್ರತಿ ನಿರ್ಣಯದ ಎದುರಿಗೆ ಗುರುತು ಹಾಕಿ, ದಿನಾಂಕವನ್ನು ಬರೆದು, ರುಜುವನ್ನು ಎಲ್ಲಕ್ಕಿಂತ ಕೊನೆಗೆ ಹಾಕಿರಿ.