‘ಮೇಲಿನಿಂದ’ ಎಂದರೆ ಎಲ್ಲಿಂದ? ಸ್ಟೋರಿಬೋರ್ಡಿನ ಚೌಕಟ್ಟು ವಿವರಣೆಯಲ್ಲಿ ಕನ್ನಡದ ಬಳಕೆ

ಚಲನಚಿತ್ರದ ಚಿತ್ರೀಕರಣಕ್ಕೆ ಮುನ್ನ ಪ್ರತಿಯೊಂದು ಶಾಟನ್ನೂ ಚಿಕ್ಕ ಚೌಕಟ್ಟುಗಳಲ್ಲಿ ಬರೆದಿಡುವ ಕ್ರಮಕ್ಕೆ ಸ್ಟೋರಿಬೋರ್ಡ್ ಎಂದು ಹೆಸರು. ಚಿತ್ರ ಬರೆಯಬಲ್ಲ ನಿರ್ದೇಶಕನಿಗೆ ಚೌಕಟ್ಟಿನ ಕೆಳಗಿನ ಮಾತು ಅಷ್ಟಾಗಿ ಬೇಕಾಗುವುದಿಲ್ಲ. ‘ಪಥೇರ್ ಪಾಂಚಾಲಿ’ಯನ್ನು (1955) ಸತ್ಯಜಿತ್ ರಾಯ್ ಅವರು ಬಹುಮಟ್ಟಿಗೆ ಚಿತ್ರಗಳಲ್ಲೇ ಯೋಜಿಸಿದ್ದರು, ಅವರು ಮೂಲತಃ ಚಿತ್ರಕಾರರು. ಉಳಿದವರ ಗೆರೆಗಳು ಸಾಮಾನ್ಯವಾಗಿ ಬಡವಾಗಿರುತ್ತವೆ. ಆಗ ಕ್ಯಾಮೆರಾದ ಕೋನ, ಚಲನೆ, ಚೌಕಟ್ಟಿನ ಅಳತೆ ಇವೆಲ್ಲವನ್ನೂ ಎರಡು ಸಾಲಿನ ವಿವರಣೆಯೇ ಹೊರಬೇಕಾಗುತ್ತದೆ. ಆ ಎರಡು ಸಾಲುಗಳನ್ನು ಕನ್ನಡದಲ್ಲಿ ಬರೆಯುವಾಗ ನಮ್ಮ ಭಾಷೆಯ ಸ್ವಭಾವದಿಂದಲೇ ಹುಟ್ಟುವ ಕೆಲವು ಸಂದಿಗ್ಧಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಉದಾಹರಣೆಗೆ ದೆಹಲಿಯ ಒಂದು ಸ್ಥಳವನ್ನೇ ತೆಗೆದುಕೊಳ್ಳೋಣ. ಕನಾಟ್ ಪ್ಲೇಸಿನ ಸಮೀಪ, ಹೇಲಿ ರಸ್ತೆಯ ಬದಿಯಲ್ಲಿ ಅಗ್ರಸೇನನ ಬಾವಲಿ ಎಂಬ ಪ್ರಾಚೀನ ಮೆಟ್ಟಿಲುಬಾವಿಯಿದೆ. ಸುಮಾರು 60 ಮೀಟರ್ ಉದ್ದ, 15 ಮೀಟರ್ ಅಗಲ. ನೂರಕ್ಕೂ ಹೆಚ್ಚು ಮೆಟ್ಟಿಲುಗಳು ಇಳಿದು ಹೋಗಿ ಬಾವಿಯ ಕಮಾನನ್ನು ಮುಟ್ಟುತ್ತವೆ. ಎರಡು ಪಕ್ಕಗಳಲ್ಲೂ ಗೂಡುಗಳಿರುವ ಎತ್ತರದ ಗೋಡೆಗಳು. ‘ಪಿಕೆ’ (2014) ಚಿತ್ರದಲ್ಲಿ ಕಂಡುಬಂದ ಮೇಲೆ ಇಲ್ಲಿಗೆ ಜನ ಹೆಚ್ಚಾಗಿದ್ದಾರೆ. ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಪಡೆಯಬೇಕು. ಸಿಗುವ ಸಮಯ ಅಲ್ಪ. ನಿರ್ದೇಶಕ, ಛಾಯಾಗ್ರಾಹಕ, ಧ್ವನಿಗ್ರಾಹಕ, ಒಬ್ಬ ಸಹಾಯಕ, ಹೀಗೆ ನಾಲ್ವರ ತಂಡ ಅಲ್ಲಿಗೆ ಹೋಗುತ್ತದೆಂದು ಭಾವಿಸೋಣ. ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಕುಳಿತಿದ್ದಾಳೆ. ಚೌಕಟ್ಟಿನ ಕೆಳಗೆ ಹೀಗೆ ಬರೆದಿದೆ:

“ಮೇಲಿನಿಂದ ಹುಡುಗಿ. ನಿಧಾನವಾಗಿ ಬಾವಿಯ ಕಡೆಗೆ.”

ಓದಲು ಸೊಗಸಾಗಿದೆ, ಕೆಲಸಕ್ಕೆ ಬಾರದು. ‘ಮೇಲಿನಿಂದ’ ಎಂಬುದು ಕ್ಯಾಮೆರಾ ಇರುವ ಸ್ಥಾನವೋ, ಅದರ ಚಲನೆ ಆರಂಭವಾಗುವ ಜಾಗವೋ? ಮೊದಲನೆಯದಾದರೆ ಕ್ಯಾಮೆರಾ ಎತ್ತರದಲ್ಲಿ ನಿಂತು ಹುಡುಗಿಯನ್ನು ಕೆಳಗೆ ನೋಡುತ್ತದೆ. ಎರಡನೆಯದಾದರೆ ಆಕಾಶದಿಂದಲೋ ಗೋಡೆಯ ತುದಿಯಿಂದಲೋ ನೋಟ ಇಳಿದು ಹುಡುಗಿಯ ಮೇಲೆ ನಿಲ್ಲುತ್ತದೆ. ಆಗ ಕ್ಯಾಮೆರಾ ಅವಳಿಗಿಂತ ಕೆಳಗಿನ ಮೆಟ್ಟಿಲಲ್ಲೂ ಇರಬಹುದು. ಹಳೆಯ ವ್ಯಾಕರಣಗಳು ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಪ್ರತ್ಯೇಕಿಸಿದರೂ ಬಳಕೆಯಲ್ಲಿ ‘ಇಂದ’ವೇ ಎರಡರ ಭಾರವನ್ನೂ ಹೊರುತ್ತದೆ. ಅದರಲ್ಲಿ ನಿಲುವು, ಹೊರಡುವಿಕೆ ಎರಡೂ ಅಡಗಿವೆ. ಕಥೆಯಲ್ಲಿ ಇದೊಂದು ಸೌಕರ್ಯ. ಶಾಟಿನಲ್ಲಿ ಮಾತ್ರ ಛಾಯಾಗ್ರಾಹಕ ಐವತ್ತು ಮೆಟ್ಟಿಲು ತಪ್ಪಾಗಿ ಇಳಿದು ನಿಲ್ಲುವುದಕ್ಕೆ ಕಾರಣ.

ಎರಡನೆಯ ವಾಕ್ಯದ ತೊಡಕು ಕರ್ತೃಲೋಪದ್ದು. ಬಾವಿಯ ಕಡೆಗೆ ಹೋಗುವುದು ಹುಡುಗಿಯೋ ಕ್ಯಾಮೆರಾವೋ? ‘ಸರಿಯುತ್ತಾಳೆ’ ಎಂದು ಕ್ರಿಯಾಪದವನ್ನು ಪೂರ್ಣಗೊಳಿಸಿದ್ದರೆ ಲಿಂಗವೇ ಉತ್ತರ ಹೇಳುತ್ತಿತ್ತು. ಇದು ಕನ್ನಡದ ಒಂದು ಅನುಕೂಲ. ಆದರೆ ಹುಡುಗಿಯ ಜಾಗದಲ್ಲಿ ಮಗುವೋ, ಬಾವಲಿಯಲ್ಲಿ ಸದಾ ಇರುವ ಪಾರಿವಾಳವೋ ಇದ್ದರೆ ಈ ಅನುಕೂಲವೂ ತಪ್ಪುತ್ತದೆ. “ಪಾರಿವಾಳ ಕುಳಿತಿದೆ. ನಿಧಾನವಾಗಿ ಸರಿಯುತ್ತದೆ” ಎಂಬಲ್ಲಿ ಕ್ಯಾಮೆರಾವೂ ನಪುಂಸಕ, ಪಾರಿವಾಳವೂ ನಪುಂಸಕ. ಆದ್ದರಿಂದ ಚಲನೆಯ ವಾಕ್ಯದಲ್ಲಿ ಕರ್ತೃವನ್ನು ಎಂದೂ ಬಿಡಬಾರದು. ಚಿತ್ರದಲ್ಲಿ ಇದಕ್ಕೊಂದು ರೂಢಿಯಿದೆ: ಪಾತ್ರ ಚಲಿಸಿದರೆ ಬಾಣದ ಗುರುತು ಚೌಕಟ್ಟಿನ ಒಳಗೆ, ಕ್ಯಾಮೆರಾ ಚಲಿಸಿದರೆ ಚೌಕಟ್ಟಿನ ಹೊರಗೆ. ಮಾತು ಈ ಬಾಣಕ್ಕೆ ವಿರೋಧವಾಗಿರಕೂಡದು.

ಇನ್ನು ‘ಕಡೆಗೆ’. ಕ್ಯಾಮೆರಾ ನಿಂತಲ್ಲೇ ತಲೆಯೆತ್ತಿದರೆ ಅದು ಟಿಲ್ಟ್. ಹೊತ್ತವನು ಮೆಟ್ಟಿಲಿಳಿದರೆ ಟ್ರ್ಯಾಕ್. ಯಾರೂ ಕದಲದೆ ಲೆನ್ಸ್ ಮಾತ್ರ ದೂರವನ್ನು ಹತ್ತಿರಕ್ಕೆ ತಂದರೆ ಜೂಮ್. ‘ಬಾವಿ ಹತ್ತಿರವಾಗುತ್ತದೆ’ ಎಂಬ ವಾಕ್ಯ ಕೊನೆಯ ಎರಡಕ್ಕೂ ಸಲ್ಲುತ್ತದೆ. ಆದರೆ ತೆರೆಯ ಮೇಲೆ ಅವು ಒಂದೇ ಅಲ್ಲ. ಮೆಟ್ಟಿಲಿಳಿಯುವಾಗ ಪಕ್ಕದ ಗೋಡೆಗಳು ನಮ್ಮನ್ನು ದಾಟಿ ಹಿಂದೆ ಸರಿಯುತ್ತವೆ, ಬಾವಿಯ ಆಳ ಅನುಭವಕ್ಕೆ ಬರುತ್ತದೆ. ಜೂಮಿನಲ್ಲಿ ಮೆಟ್ಟಿಲುಗಳು ಒಂದರ ಮೇಲೊಂದು ಒತ್ತಿಕೊಂಡು ಅಡ್ಡಗೆರೆಗಳ ಪರದೆಯಂತೆ ಕಾಣುತ್ತವೆ. ಹೀಗಾಗಿ ‘ತಲೆಯೆತ್ತುತ್ತದೆ’, ‘ಇಳಿಯುತ್ತದೆ’, ‘ಜೂಮ್’ ಎಂಬ ಪದಗಳನ್ನು ಬೇರೆಬೇರೆಯಾಗಿಯೇ ಬಳಸುವುದು ಲೇಸು. ಜೂಮಿಗೆ ಕನ್ನಡ ಪದ ಹುಡುಕುವ ಹಟ ಇಲ್ಲಿ ಅನವಶ್ಯಕವೆಂದು ನನ್ನ ಭಾವನೆ.

ಎಡಬಲಗಳ ಪ್ರಶ್ನೆ ದೆಹಲಿಯಲ್ಲಿ ವಿಶೇಷವಾಗಿ ಎದುರಾಗುತ್ತದೆ. ಬಿ. ವಿ. ಕಾರಂತರು 1977ರಿಂದ ಕೆಲವು ವರ್ಷ ನಿರ್ದೇಶಕರಾಗಿದ್ದ ರಾಷ್ಟ್ರೀಯ ನಾಟಕ ಶಾಲೆ ಈ ಬಾವಲಿಗೆ ಹೆಚ್ಚು ದೂರವಿಲ್ಲ; ಇಲ್ಲಿಯ ತಂಡಗಳಲ್ಲಿ ರಂಗಭೂಮಿಯಿಂದ ಬಂದವರು ಸಾಮಾನ್ಯ. ರಂಗದ ಎಡವೆಂದರೆ ಪ್ರೇಕ್ಷಕರಿಗೆ ಮುಖಮಾಡಿದ ನಟನ ಎಡ. ಚೌಕಟ್ಟಿನ ಎಡವೆಂದರೆ ನೋಡುವವನ ಎಡ. ಕ್ಯಾಮೆರಾಕ್ಕೆ ಎದುರಾಗಿ ನಿಂತ ನಟಿಗೆ ‘ಎಡಕ್ಕೆ ಸರಿ’ ಎಂದರೆ ಅವಳು ಚೌಕಟ್ಟಿನ ಬಲಕ್ಕೆ ಸರಿಯುತ್ತಾಳೆ. ಹಳ್ಳಿಯಲ್ಲಿ ‘ಮೂಡಲ ಕಡೆ’, ‘ಪಡುವಲ ಕಡೆ’ ಎನ್ನುವವರು ಈ ಜಗಳಕ್ಕೆ ಎಂದೂ ಸಿಕ್ಕಿಲ್ಲ. ಅದೇ ಜಾಣತನದಿಂದ ‘ಬಾವಿಯ ಕಡೆ’, ‘ಬಾಗಿಲ ಕಡೆ’ ಎಂದು ಸ್ಥಳದ ಗುರುತನ್ನೇ ಹಿಡಿದರೆ ಸಾಕು.

ಈಗ ಅದೇ ಚೌಕಟ್ಟನ್ನು ತಿದ್ದಿ ಬರೆಯೋಣ:

“ಕ್ಯಾಮೆರಾ ಮೇಲಿನಿಂದ ಹತ್ತನೆಯ ಮೆಟ್ಟಿಲಲ್ಲಿ ನಿಂತಿದೆ, ನಿಂತವನ ಎದೆಯ ಎತ್ತರದಲ್ಲಿ, ಬಾವಿಯ ಕಡೆಗೆ ಮುಖ, ತಲೆ ಕೆಳಕ್ಕೆ. ಆರಂಭ: ನಲವತ್ತನೆಯ ಮೆಟ್ಟಿಲಲ್ಲಿ ಕುಳಿತ ಹುಡುಗಿಯ ಬೆನ್ನು ಚೌಕಟ್ಟಿನ ಕೆಳಭಾಗದಲ್ಲಿ, ಸುತ್ತ ಬರೀ ಮೆಟ್ಟಿಲು, 2 ಸೆಕೆಂಡ್. ಕ್ಯಾಮೆರಾ ನಿಂತಲ್ಲೇ ತಲೆಯೆತ್ತುತ್ತದೆ, 6 ಸೆಕೆಂಡ್. ಹುಡುಗಿ ಕದಲುವುದಿಲ್ಲ, ಕೆಳಅಂಚಿನಿಂದ ಮರೆಯಾಗುತ್ತಾಳೆ. ಅಂತ್ಯ: ಬಾವಿಯ ಕಮಾನು, ಎರಡು ಪಕ್ಕ ಗೋಡೆ, 2 ಸೆಕೆಂಡ್.”

ನಿಲುವು, ನೋಟ, ಆರಂಭ, ಚಲನೆ, ಅಂತ್ಯ ಇದೇ ಅನುಕ್ರಮದಲ್ಲಿ ಬಂದಿರುವುದನ್ನು ಗಮನಿಸಬೇಕು. ತಂಡ ಕೆಲಸ ಮಾಡುವುದೂ ಇದೇ ಅನುಕ್ರಮದಲ್ಲಿ. ‘ಅಂತ್ಯ’ವನ್ನು ಬರೆಯದೆ ಬಿಡುವುದು ಸಾಮಾನ್ಯ ದೋಷ. ಅದರ ಪರಿಣಾಮ ಛಾಯಾಗ್ರಾಹಕನಿಗಿಂತ ಉಳಿದಿಬ್ಬರಿಗೆ ಹೆಚ್ಚು. ಹುಡುಗಿ 12 ಮೀಟರ್ ದೂರದಲ್ಲಿದ್ದು ಅಲ್ಲಿ ಲೆನ್ಸ್ 5 ಮೀಟರ್ ಅಗಲವನ್ನು ಕಾಣುತ್ತಿದ್ದರೆ, ನಾಲ್ಕು ಪಟ್ಟು ದೂರದಲ್ಲಿ ಅದೇ ಲೆನ್ಸ್ 20 ಮೀಟರ್ ಅಗಲವನ್ನು ಕಾಣುತ್ತದೆ. ಬಾವಲಿಯ ಅಗಲವೇ 15. ಎಂದರೆ, ಆರಂಭದ ಚೌಕಟ್ಟನ್ನು ಮಾತ್ರ ಓದಿ, ಕೆಳಗಡೆ ಗೋಡೆಗೆ ಒರಗಿ ಪ್ರವಾಸಿಗರನ್ನು ತಡೆಯುತ್ತ ನಿಂತ ಸಹಾಯಕ ಕೊನೆಯ ಚೌಕಟ್ಟಿನಲ್ಲಿ ತಾನೇ ಕಾಣಿಸಿಕೊಳ್ಳುತ್ತಾನೆ. ಮೈಕನ್ನು ಹುಡುಗಿಯ ತಲೆಯ ಮೇಲಿನಿಂದ ಇಳಿಬಿಟ್ಟ ಧ್ವನಿಗ್ರಾಹಕನ ಗತಿಯೂ ಅದೇ. ತಲೆಯೆತ್ತುವ ಕ್ಯಾಮೆರಾ ಮೊದಲು ಹಿಡಿಯುವುದು ಆ ಮೈಕನ್ನು.

ವಿವರಣೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ಚಿತ್ರವನ್ನು ಮುಚ್ಚಿ, ಮಾತನ್ನು ಮಾತ್ರ ಸಹಾಯಕನಿಗೆ ಓದಿ ಹೇಳಿ, ಮೊಬೈಲ್ ಕೊಟ್ಟು ಆ ಜಾಗದಲ್ಲಿ ನಿಲ್ಲಿಸಬೇಕು. ಅವನು ತೆಗೆದ ಮೊದಲ ಮತ್ತು ಕೊನೆಯ ಚಿತ್ರಗಳನ್ನು ಫಲಕದ ಚೌಕಟ್ಟುಗಳೊಡನೆ ಹೋಲಿಸಬೇಕು. ಅವನು ತಿರುಗಿ ಒಂದು ಪ್ರಶ್ನೆ ಕೇಳಿದರೆ ಉತ್ತರವನ್ನು ಬಾಯಲ್ಲಿ ಹೇಳದೆ ವಿವರಣೆಯಲ್ಲೇ ಸೇರಿಸಬೇಕು. ಬೆಳಕಿನ ವಿಷಯ ಮಾತ್ರ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಮಧ್ಯಾಹ್ನ ಮೇಲಿನ ಮೆಟ್ಟಿಲುಗಳು ಬಿಸಿಲಿನಲ್ಲಿ ಬೆಳ್ಳಗಾಗಿ ಕಮಾನು ಕಗ್ಗತ್ತಲಾಗಿರುವಾಗ ಒಂದೇ ಟಿಲ್ಟಿನಲ್ಲಿ ಎರಡನ್ನೂ ಹಿಡಿಯುವುದು ಕಷ್ಟ. ಅದನ್ನು ಯಾವ ಗಂಟೆಗೆ ತೆಗೆಯಬೇಕೆಂಬುದನ್ನು ಸ್ಥಳಕ್ಕೆ ಮೊದಲೊಮ್ಮೆ ಹೋಗಿ ನೋಡಿ ಬಂದವರೇ ಚೌಕಟ್ಟಿನ ಅಂಚಿನಲ್ಲಿ ಬರೆಯಬೇಕು.